ಗೆಳತಿಗೆ ಹೇಳಬೇಕಾದ ಮೂರು ವಾಕ್ಯ

(ಉಪನ್ಯಾಸದ ಬರಹ ರೂಪ)

ಸಂಗಾತಿಯ ಹಿಡಿತಕ್ಕೆ ಸಿಕ್ಕ ಗೆಳತಿಯೊಂದಿಗೆ ಹೇಗೆ ಮಾತನಾಡಬೇಕು ಎಂಬ ವಿಷಯದ ಬಗ್ಗೆ ಮಾತನಾಡಿ ಮುಗಿಸಿದ ಮೇಲೆ ಕೇಳುಗರಲ್ಲಿ ಒಬ್ಬರಾದರೂ ನನ್ನ ಬಳಿ ಬಂದು ಹೆಚ್ಚುಕಡಿಮೆ ಒಂದೇ ಕಥೆಯನ್ನು ಹೇಳುತ್ತಾರೆ. ಗೆಳತಿಯ ಸಂಗಾತಿ ಅವಳನ್ನು ನಡೆಸಿಕೊಳ್ಳುತ್ತಿದ್ದ ರೀತಿಯನ್ನು ಬಹಳ ದಿನ ನೋಡಿ, ಸಹಿಸಿ, ಕೊನೆಗೊಂದು ದಿನ ತಡೆಯಲಾರದೆ "ಅವನು ನಿನಗೆ ತಕ್ಕವನಲ್ಲ, ಬಿಟ್ಟು ಹೊರಗೆ ಬಾ" ಎಂದು ಹೇಳಿಬಿಟ್ಟಿರುತ್ತಾರೆ. ಅಂದಿನಿಂದ ಗೆಳತಿ ಫೋನ್ ಎತ್ತುವುದಿಲ್ಲ. "ಒಳ್ಳೆಯದಕ್ಕೇ ಹೇಳಿದೆ, ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು?" ಎಂದು ಅವರು ಕೇಳುತ್ತಾರೆ. ಸುಳ್ಳೇನೂ ಇರಲಿಲ್ಲ. ಆದರೆ ಆ ಮಾತು ಮಾಡಬೇಕಾದ ಕೆಲಸವನ್ನು ಮಾಡದೆ ಅದಕ್ಕೆ ವಿರುದ್ಧವಾದದ್ದನ್ನೇ ಮಾಡಿತು. ಹಾಗೇಕೆ ಆಗುತ್ತದೆ, ಅದರ ಬದಲು ಮೊದಲ ಮಾತುಕತೆಯಲ್ಲಿ ಏನು ಹೇಳಬಹುದು ಎಂಬಷ್ಟಕ್ಕೆ ಮಾತ್ರ ನಾನು ಇಂದು ಸೀಮಿತಗೊಳ್ಳುತ್ತೇನೆ.

ಮುಂದೆ ಬರುವ ಉದಾಹರಣೆಯಲ್ಲಿ ಇಬ್ಬರು ಹೆಂಗಸರನ್ನು ಮತ್ತು ಒಬ್ಬಳ ಗಂಡನನ್ನು ತೆಗೆದುಕೊಂಡಿದ್ದೇನೆ. ಹಿಡಿತಕ್ಕೆ ಸಿಕ್ಕ ಗಂಡಸರೂ ಇದ್ದಾರೆ. ನಗೆಪಾಟಲಾದೇವು ಎಂಬ ಅಂಜಿಕೆಯಿಂದ ಅವರು ಇನ್ನೂ ತಡವಾಗಿ ಬಾಯಿ ಬಿಡುತ್ತಾರೆ. ಮದುವೆಯಾಗದೆ ಜೊತೆಗಿರುವವರಲ್ಲೂ, ಒಂದೇ ಲಿಂಗದ ಜೋಡಿಗಳಲ್ಲೂ ಇದು ಇದೆ. ನಾನು ಹೇಳುವ ಕ್ರಮ ಎಲ್ಲ ಕಡೆಗೂ ಹೊಂದುತ್ತದೆ.

ಮೊದಲು ಹಿಡಿತ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ, ಏಕೆಂದರೆ ನಮಗೆ ಇಷ್ಟವಾಗದ ದಾಂಪತ್ಯವೆಲ್ಲ ಹಿಡಿತದ ದಾಂಪತ್ಯವಲ್ಲ. ಕೆಲವು ಜೋಡಿಗಳು ಫೋನಿನ ಪಾಸ್‌ವರ್ಡ್ ಹಂಚಿಕೊಂಡಿರುತ್ತಾರೆ, ಎಲ್ಲಿದ್ದೇವೆ ಎಂಬುದನ್ನು ಒಬ್ಬರಿಗೊಬ್ಬರು ಫೋನಿನಲ್ಲೇ ತೋರಿಸುತ್ತಿರುತ್ತಾರೆ, ದುಡ್ಡೆಲ್ಲವನ್ನೂ ಒಬ್ಬರ ಕೈಯಲ್ಲೇ ಇಟ್ಟಿರುತ್ತಾರೆ, ಮತ್ತು ಅದರಿಂದ ಯಾರಿಗೂ ಉಸಿರು ಕಟ್ಟಿರುವುದಿಲ್ಲ. ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ "ಅವರು ಏನು ಮಾಡುತ್ತಾರೆ" ಎಂಬುದಲ್ಲ, "ಅವಳು ಬೇಡ ಎಂದರೆ ಏನಾಗುತ್ತದೆ" ಎಂಬುದು. ಬೇಡ ಎಂದಾಗ ಸ್ವಲ್ಪ ಮುನಿಸು, ಸ್ವಲ್ಪ ವಾದ ಆಗಿ ವಿಷಯ ಮುಗಿಯುವುದಾದರೆ ಅದು ಸಾಮಾನ್ಯ ಸಂಸಾರ. ಬೇಡ ಎಂದದ್ದಕ್ಕೆ ನಾಲ್ಕು ದಿನ ಮಾತು ಬಿಡುವುದು, ಎಲ್ಲರೆದುರು ಅವಮಾನಿಸುವುದು, ದುಡ್ಡು ಕೊಡದಿರುವುದು, ಮಕ್ಕಳನ್ನು ಮುಂದಿಟ್ಟು ಹೆದರಿಸುವುದು, "ನಾನೇ ಸತ್ತುಹೋಗುತ್ತೇನೆ" ಎನ್ನುವುದು, ಹೀಗೆ ಪ್ರತಿ ಸಲವೂ ಅವಳು ಬೆಲೆ ತೆರಬೇಕಾಗಿ ಬಂದರೆ, ಕ್ರಮೇಣ ಅವಳು ಬೇಡ ಎನ್ನುವುದನ್ನೇ ಬಿಡುತ್ತಾಳೆ. ಆಮೇಲೆ ಅವನು ಏನನ್ನೂ ಹೇಳಬೇಕಾಗಿಲ್ಲ. ಅವನ ಮುಖ ನೋಡಿ ಅವಳೇ ಅಳೆದು ನಡೆಯುತ್ತಾಳೆ. ಹೊರಗಿನವರಿಗೆ ಆ ಮನೆ ಶಾಂತವಾಗಿ ಕಾಣುವುದು ಈ ಹಂತದಲ್ಲೇ.

ಬಿಡಿ ಬಿಡಿ ಘಟನೆಗಳನ್ನಲ್ಲ, ಈ ಒಟ್ಟು ಬಲೆಯನ್ನೇ ಹಿಂಸೆ ಎಂದು ಕಾಣಬೇಕು ಎಂಬ ವಾದವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಇವಾನ್ ಸ್ಟಾರ್ಕ್ ವಿಸ್ತಾರವಾಗಿ ಮಂಡಿಸಿದರು. 2015ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನು, ಹೊಡೆತ ಬೀಳದಿದ್ದರೂ ಇಂಥ ನಿರಂತರ ಹಿಡಿತವನ್ನು ಅಪರಾಧವೆಂದು ಒಪ್ಪಿಕೊಂಡಿತು. ಇದನ್ನು ಹೇಳಿದ್ದು ನೀವು ಗೆಳತಿಯೆದುರು ಈ ಕಾನೂನನ್ನೋ ಪರಿಭಾಷೆಯನ್ನೋ ಉದ್ಧರಿಸಲಿ ಎಂದಲ್ಲ; ಹಾಗೆ ಮಾಡಲೇಬೇಡಿ. ಹೊಡೆದಿಲ್ಲವಲ್ಲ, ನನಗೇಕೆ ಉಸಾಬರಿ ಎಂದು ನಿಮ್ಮ ಮನಸ್ಸೇ ನಿಮ್ಮನ್ನು ತಡೆಯುವಾಗ ನೆನಪಿಗೆ ಬರಲಿ ಎಂದು ಹೇಳಿದೆ.

ಇಂಥ ಹಿಡಿತ ಉಳಿಯಬೇಕಾದರೆ ಅವಳ ಪಕ್ಕದಲ್ಲಿ ಬೇರೆ ಜನ ಇರಬಾರದು. ಹಾಗಾಗಿ ಅವನು ಗೆಳತಿಯರ ಬಗ್ಗೆ ಮೊದಲೇ ಒಂದು ಕಥೆ ಕಟ್ಟಿಟ್ಟಿರುತ್ತಾನೆ: "ಅವಳಿಗೆ ನಮ್ಮನ್ನು ಕಂಡರೆ ಹೊಟ್ಟೆಕಿಚ್ಚು, ನಮ್ಮಿಬ್ಬರನ್ನು ದೂರ ಮಾಡಬೇಕು ಅಂತಾನೇ ಕಾಯುತ್ತಿದ್ದಾಳೆ." ಈಗ ನೀವು ಹೋಗಿ "ಅವನನ್ನು ಬಿಟ್ಟುಬಿಡು" ಎಂದರೆ ಆ ಕಥೆಗೆ ನೀವೇ ಸಾಕ್ಷಿ ಹೇಳಿದಂತಾಯಿತು. ಇದರ ಮೇಲೆ ಇನ್ನೊಂದು ಕಾರಣವೂ ಕೂಡಿಕೊಳ್ಳುತ್ತದೆ. ತನ್ನ ಆಯ್ಕೆಯನ್ನು ಇನ್ನೊಬ್ಬರು ಕಿತ್ತುಕೊಳ್ಳುತ್ತಿದ್ದಾರೆ ಅನ್ನಿಸಿದ ಮನುಷ್ಯ ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ ಎಂಬುದನ್ನು ಮನಶ್ಶಾಸ್ತ್ರಜ್ಞ ಜ್ಯಾಕ್ ಬ್ರೆಮ್ 1966ರಲ್ಲಿ ಸಿದ್ಧಾಂತವಾಗಿ ವಿವರಿಸಿದರು. ಮನೆಯಲ್ಲಿ ದಿನವಿಡೀ ಹೇಳಿಸಿಕೊಳ್ಳುವವಳಿಗೆ ಹೊರಗೆ ಮತ್ತೊಬ್ಬರು ಏನು ಮಾಡಬೇಕೆಂದು ಹೇಳುವುದು ಎಷ್ಟು ಭಾರವಾದೀತು ಎಂದು ಯೋಚಿಸಿ. ಅವನು ಹೇಳಿದಂತೆ ಕೇಳುವುದು, ಇಲ್ಲವೇ ನೀವು ಹೇಳಿದಂತೆ ಕೇಳುವುದು; ಅವಳ ಸ್ವಂತದ್ದು ಎಂಬುದು ಎರಡರಲ್ಲೂ ಇಲ್ಲ.

ಹಾಗಾದರೆ ಮೊದಲ ಮಾತುಕತೆಯ ಗುರಿ ಏನು? ಅವಳನ್ನು ಒಪ್ಪಿಸುವುದಲ್ಲ, ಹೊರಗೆ ಕರೆತರುವುದೂ ಅಲ್ಲ. ಇದನ್ನೆಲ್ಲ ಗಮನಿಸಿರುವ, ಆದರೂ ತನ್ನನ್ನು ದಡ್ಡಿ ಎಂದು ತಿಳಿಯದ ಒಬ್ಬರು ಇದ್ದಾರೆ ಎಂಬುದು ಅವಳಿಗೆ ಗೊತ್ತಾದರೆ ಆ ದಿನದ ಮಟ್ಟಿಗೆ ಸಾಕು. ಗುರಿಯನ್ನು ಇಷ್ಟು ಚಿಕ್ಕದು ಮಾಡಿಕೊಂಡರೆ ಮಾತೂ ಚಿಕ್ಕದಾಗುತ್ತದೆ. ನನ್ನ ಲೆಕ್ಕದಲ್ಲಿ ಮೂರು ವಾಕ್ಯ: ನೀವು ಕಣ್ಣಾರೆ ಕಂಡದ್ದು ಒಂದು, ಅದರಿಂದ ನಿಮಗೆ ಅನ್ನಿಸಿದ್ದು ಒಂದು, ಅವಳಿಗೊಂದು ಪ್ರಶ್ನೆ. ಆಮೇಲೆ ಸುಮ್ಮನಿರುವುದು.

ಮೊದಲ ವಾಕ್ಯಕ್ಕೆ ತಯಾರಿ ಬೇಕು. ಮನೆಯಲ್ಲಿ ಒಬ್ಬರೇ ಕುಳಿತು ನಿಮ್ಮನ್ನು ಕಳವಳಕ್ಕೆ ಈಡುಮಾಡಿದ ಸಂಗತಿಗಳನ್ನೆಲ್ಲ ಬರೆದುಕೊಳ್ಳಿ. ಬಳಿಕ ಅದರಲ್ಲಿ ಕಣ್ಣಾರೆ ಕಂಡದ್ದನ್ನು ಉಳಿಸಿಕೊಂಡು, ಬೇರೆಯವರಿಂದ ಕೇಳಿದ್ದನ್ನೂ ನೀವೇ ಊಹಿಸಿದ್ದನ್ನೂ ಹೊಡೆದುಹಾಕಿ. "ಅವನು ನಿನ್ನನ್ನು ಕೂಡಿಹಾಕಿದ್ದಾನೆ" ಎಂಬುದು ಊಹೆ. "ಕಳೆದ ಮೂರು ಸಲ ನಾವು ಸೇರಿದಾಗ ಅರ್ಧ ಗಂಟೆಯೊಳಗೆ ಅವನ ಫೋನ್ ಬಂತು, ನೀನು ಎದ್ದು ಹೋದೆ" ಎಂಬುದು ಕಂಡದ್ದು. ಊಹೆಯನ್ನು ಅವಳು ಒಂದೇ ಏಟಿಗೆ ಅಲ್ಲಗಳೆಯಬಹುದು, ಕಂಡದ್ದನ್ನು ಅಲ್ಲಗಳೆಯಲಾರಳು. ಹೆಚ್ಚೆಂದರೆ ಅದಕ್ಕೆ ಬೇರೆ ಅರ್ಥ ಕೊಟ್ಟಾಳು, ಮತ್ತು ಕೊಡಲು ಅವಳಿಗೆ ಹಕ್ಕಿದೆ. ಬರೆದದ್ದನ್ನು ಹರಿದು ಎಸೆಯಿರಿ, ಅದು ಅವಳಿಗೆ ಓದಿಹೇಳುವ ಆರೋಪಪಟ್ಟಿಯಲ್ಲ. ಬರೆಯುತ್ತಿರುವಾಗಲೇ ನಿಮ್ಮನ್ನು ನೀವು ಇನ್ನೊಂದು ಪ್ರಶ್ನೆ ಕೇಳಿಕೊಳ್ಳುವುದೂ ಒಳ್ಳೆಯದು: ಅವಳು ಮೊದಲಿನಂತೆ ನನಗೆ ಸಿಗುತ್ತಿಲ್ಲವಲ್ಲ ಎಂಬ ಬೇಸರ ಇದರಲ್ಲಿ ಎಷ್ಟು ಪಾಲು ಸೇರಿದೆ? ಸೇರಿರುವುದು ತಪ್ಪಲ್ಲ. ಗೊತ್ತಿಲ್ಲದೆ ಸೇರಿದ್ದರೆ ದನಿಯಲ್ಲಿ ಸಿಟ್ಟಾಗಿ ಹೊರಬರುತ್ತದೆ.

ಎಲ್ಲಿ, ಹೇಗೆ ಎಂಬುದರಲ್ಲಿ ಒಂದೇ ಕಟ್ಟುನಿಟ್ಟು: ಬರಹದಲ್ಲಿ ಬೇಡ. ಅವಳ ಫೋನನ್ನು ಬೇರೆಯವರು ನೋಡುತ್ತಾರೆ ಎಂದೇ ಇಟ್ಟುಕೊಂಡು ನಡೆಯಿರಿ. ವಾಟ್ಸ್ಆ್ಯಪ್‌ನಲ್ಲಿ "ನಿನ್ನ ಬಗ್ಗೆ ಚಿಂತೆಯಾಗಿದೆ" ಎಂದು ಬರೆದ ಒಂದು ಸಾಲು ಅವಳಿಗೆ ಆ ರಾತ್ರಿಯ ವಿಚಾರಣೆಯಾಗಬಹುದು. ಕರೆಯಲ್ಲೂ ಅವನು ಪಕ್ಕದಲ್ಲಿದ್ದಾನೋ ಇಲ್ಲವೋ ನಿಮಗೆ ತಿಳಿಯುವುದಿಲ್ಲ. ಇಬ್ಬರೇ ಇರುವ, ಅವಳು ಹೇಗಾದರೂ ಬಂದೇ ಬರುವ ಹೊತ್ತನ್ನು ಆರಿಸಿಕೊಳ್ಳಿ. ಕೆಲಸದ ನಡುವಿನ ಬಿಡುವು, ನಡೆದುಕೊಂಡು ಹೋಗುವ ದಾರಿ ಇಂಥವು. ಎದುರುಬದುರು ಕುಳಿತು ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುವುದಕ್ಕಿಂತ ಪಕ್ಕಪಕ್ಕ ನಡೆಯುತ್ತ ಆಡಿದ ಮಾತು ಅನೇಕರಿಗೆ ಹಗುರವೆನಿಸುತ್ತದೆ. ನಾಲ್ಕು ಜನ ಗೆಳತಿಯರು ಒಟ್ಟಾಗಿ ಹೋಗಿ ಹೇಳುವ ಆಲೋಚನೆ ಬಂದರೆ ಕೈಬಿಡಿ. ಅದು ಪಂಚಾಯಿತಿಯಾಗುತ್ತದೆ, ಅವಳು ಕಟಕಟೆಯಲ್ಲಿ ನಿಂತಂತಾಗುತ್ತದೆ.

ಈಗ ಉದಾಹರಣೆಗೆ ಬರೋಣ. ವಿವರಣೆಗಾಗಿ ನಾನೇ ಹೆಣೆದ ಸಂದರ್ಭವಿದು. ಮಾತನಾಡುವವಳನ್ನು ಮಾಲತಿ ಎಂದೂ ಅವಳ ಗೆಳತಿಯನ್ನು ವಸುಧಾ ಎಂದೂ ಕರೆಯೋಣ. ಇಬ್ಬರೂ ಒಂದೇ ಕಚೇರಿಯವರು. ಕಳೆದ ಒಂದು ವರ್ಷದಲ್ಲಿ ವಸುಧಾ ತನ್ನ ಸಂಬಳದ ಕಾರ್ಡನ್ನು ಗಂಡನಿಗೆ ಕೊಟ್ಟಿದ್ದಾಳೆ, ಊಟದ ಬಿಡುವಿನಲ್ಲಿ ಯಾರ ಜೊತೆ ಕುಳಿತಿದ್ದೇನೆ ಎಂದು ಫೋಟೋ ತೆಗೆದು ಅವನಿಗೆ ಕಳಿಸುತ್ತಾಳೆ, ಸಂಜೆ ಹತ್ತು ನಿಮಿಷ ತಡವಾದರೆ ಬೆವರುತ್ತಾಳೆ. ಮಾಲತಿ ಈ ಮೂರನ್ನೂ ಹೇಳಲು ಹೊರಟರೆ ಮೊದಲನೆಯದಕ್ಕೇ ವಸುಧಾ ಮುದುಡಿಕೊಳ್ಳುತ್ತಾಳೆ. ಆದ್ದರಿಂದ ತೀರ ಇತ್ತೀಚಿನದಾದ, ಇಬ್ಬರೂ ಇದ್ದಾಗಲೇ ನಡೆದ ಒಂದನ್ನು ಮಾತ್ರ ಆರಿಸಿಕೊಂಡಳು. ಬಿಡುವಿನಲ್ಲಿ ಇಬ್ಬರೂ ನಡೆಯುತ್ತಿದ್ದಾಗ ಹೇಳಿದಳು:

"ವಸು, ನಿನ್ನೆ ಮೀಟಿಂಗ್ ಹತ್ತು ನಿಮಿಷ ತಡವಾಯ್ತಲ್ಲ, ಆಗ ನಿನ್ನ ಕೈ ನಡುಗ್ತಾ ಇದ್ದದ್ದು ನೋಡಿದೆ. ನೋಡಿ ನನಗೆ ಒಂಥರಾ ಸಂಕಟ ಆಯ್ತು. ಮನೆಗೆ ಹೋದ ಮೇಲೆ ಹೇಗಿತ್ತು?"

ಈ ಮಾತಿನಲ್ಲಿ ಗಂಡನ ಹೆಸರು ಬಂದಿಲ್ಲ, ಅವನ ಗುಣದ ಬಗ್ಗೆ ಒಂದು ಪದವೂ ಇಲ್ಲ. ವಾಕ್ಯದ ಕರ್ತೃಗಳು ಮಾಲತಿ ಮತ್ತು ವಸುಧಾ ಮಾತ್ರ. ಹಾಗಾಗಿ ವಸುಧಾ ಯಾರ ಪರವಾಗಿಯೂ ವಕಾಲತ್ತು ವಹಿಸಬೇಕಾಗಿಲ್ಲ. ಪ್ರಶ್ನೆಯನ್ನೂ ಗಮನಿಸಿ. "ಅವನು ಬೈದನಾ?" ಎಂದಿದ್ದರೆ ಇಲ್ಲ ಎಂಬ ಒಂದೇ ಪದದಲ್ಲಿ ಮುಗಿಯುತ್ತಿತ್ತು, "ನೀನು ಯಾಕೆ ಇದನ್ನೆಲ್ಲ ಸಹಿಸ್ಕೋತೀಯ?" ಎಂದಿದ್ದರೆ ತಪ್ಪು ಅವಳದೇ ಆಗುತ್ತಿತ್ತು. ನಮ್ಮ ಭಾಷೆಯಲ್ಲಿ "ಯಾಕೆ" ಎಂದು ಶುರುವಾಗುವ ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ಏನೇ ಇದ್ದರೂ ಕಿವಿಗೆ ಗದರಿಕೆಯಾಗಿಯೇ ಬೀಳುತ್ತದೆ. "ಹೇಗಿತ್ತು", "ಆಮೇಲೆ ಏನಾಯ್ತು", "ನಿನಗೇನನ್ನಿಸ್ತು" ಎಂಬವು ಅಷ್ಟು ಚುಚ್ಚುವುದಿಲ್ಲ.

ವಸುಧಾ ಏನು ಹೇಳಬಹುದು? ಬಹಳ ಸಲ ಬರುವ ಉತ್ತರ ಇದು: "ಏನಿಲ್ಲ ಮಾರಾಯ್ತಿ, ಅವರಿಗೆ ಸ್ವಲ್ಪ ಕಾಳಜಿ ಜಾಸ್ತಿ ಅಷ್ಟೆ. ಪಾಪ, ಆಫೀಸಲ್ಲಿ ಅವರಿಗೂ ಟೆನ್ಷನ್." ಇಲ್ಲಿ ಮಾಲತಿಯ ನಾಲಗೆಯ ತುದಿಗೆ "ಇದಕ್ಕೆ ಕಾಳಜಿ ಅಂತಾರಾ?" ಎಂಬ ಮಾತು ಬಂದು ನಿಲ್ಲುತ್ತದೆ. ಅದನ್ನು ನುಂಗಿಕೊಳ್ಳುವುದೇ ಈ ಇಡೀ ಕೆಲಸದ ಅತ್ಯಂತ ಕಠಿಣ ಕ್ಷಣ ಎಂದು ನಾನು ತಿಳಿದಿದ್ದೇನೆ. ಎದುರಿನವರು ತಪ್ಪಾಗಿ ಯೋಚಿಸುತ್ತಿದ್ದಾರೆ ಎಂದು ಕಂಡ ಕೂಡಲೇ ತಿದ್ದಬೇಕೆನ್ನುವ ತುಡಿತ ಎಲ್ಲರಲ್ಲೂ ಇದೆ, ಆಪ್ತಸಲಹೆಗಾರರು ತಮ್ಮ ತರಬೇತಿಯಲ್ಲಿ ಅದನ್ನು ಹತ್ತಿಕ್ಕಲು ಕಲಿಯುತ್ತಾರೆ. ನೀವು ಒಂದು ಕಡೆಯ ವಾದ ಹೂಡಿದರೆ ಅವಳು ಇನ್ನೊಂದು ಕಡೆಯದನ್ನು ಹೂಡಲೇಬೇಕಾಗುತ್ತದೆ, ಮತ್ತು ಅವನ ಪರವಾಗಿ ತನ್ನ ಬಾಯಿಂದಲೇ ಬಂದ ಮಾತನ್ನು ತಾನೇ ಕೇಳಿಸಿಕೊಂಡು ನಂಬುತ್ತ ಹೋಗುತ್ತಾಳೆ. ಅವಳು ಅವನನ್ನು ಪ್ರೀತಿಸುತ್ತಾಳೆ ಎಂಬುದೂ ಸುಳ್ಳಲ್ಲ. ಅವನಲ್ಲಿ ಒಳ್ಳೆಯ ದಿನಗಳೂ ಇರುತ್ತವೆ, ಅವಳು ಕಾಯುತ್ತಿರುವುದು ಆ ದಿನಗಳಿಗೆ.

ಮಾಲತಿ ಹೀಗೆ ಹೇಳಿದಳು: "ಸರಿ ಕಣೇ. ಅವರು ನಿನಗೆ ಮುಖ್ಯ ಅಂತ ನನಗೆ ಗೊತ್ತು. ನೀನು ಹೆದರಿದ ಹಾಗೆ ಕಂಡಿತು, ಅದಕ್ಕೆ ಕೇಳಿದೆ." ಅಷ್ಟು ಹೇಳಿ ಸುಮ್ಮನಾದಳು. ಇಬ್ಬರೂ ಮಾತಿಲ್ಲದೆ ಸ್ವಲ್ಪ ದೂರ ನಡೆದರು. ಇಂಥ ಮೌನದಲ್ಲಿ ಅರ್ಧ ನಿಮಿಷವೂ ಬಹಳ ಉದ್ದವಾಗಿರುತ್ತದೆ, ಅದನ್ನು ತುಂಬಿಬಿಡಬೇಕು ಎನಿಸುತ್ತದೆ, ತುಂಬಬಾರದು. ವಸುಧಾ ಕೊನೆಗೆ, "ತಡ ಆದ್ರೆ ಅವರಿಗೆ ಸೇರಲ್ಲ," ಎಂದಳು. ಮಾಲತಿ, "ಸೇರಲಿಲ್ಲ ಅಂದ್ರೆ ಏನಾಗುತ್ತೆ?" ಎಂದಳು. "ಮಾತಾಡಲ್ಲ. ಒಂದೊಂದ್ಸಲ ವಾರಗಟ್ಟಲೆ." ಮೊದಲು ನಾನು ಹೇಳಿದ ಪ್ರಶ್ನೆಯ ಉತ್ತರ ಅವಳ ಬಾಯಿಂದಲೇ ಬಂದಿತು. ಮಾಲತಿ ಅದಕ್ಕೆ ಯಾವ ಹೆಸರನ್ನೂ ಇಡಲಿಲ್ಲ. "ವಾರಗಟ್ಟಲೆ ಅಂದ್ರೆ ಕಷ್ಟ ವಸು," ಎಂದಳು, ಮತ್ತು ಬಿಡುವು ಮುಗಿಯುವ ಮುಂಚೆ, "ಇದನ್ನ ನಾನು ಯಾರ ಹತ್ರಾನೂ ಹೇಳಲ್ಲ. ನೀನು ಏನು ಮಾಡಿದ್ರೂ, ಏನೂ ಮಾಡದಿದ್ರೂ, ನನ್ನ ಹತ್ರ ಮಾತಾಡಬಹುದು," ಎಂದು ಸೇರಿಸಿದಳು. ಈ "ಏನೂ ಮಾಡದಿದ್ರೂ" ಎಂಬ ಮಾತು ಬಹಳ ಮುಖ್ಯ. ಹೇಳಿಕೊಂಡ ಮೇಲೆ ಏನಾದರೂ ಮಾಡಲೇಬೇಕು, ಮಾಡದಿದ್ದರೆ ಗೆಳತಿಗೆ ಮುಖ ತೋರಿಸುವುದು ಹೇಗೆ ಎಂಬ ಸಂಕೋಚದಿಂದಲೇ ಎಷ್ಟೋ ಜನ ಎರಡನೆಯ ಸಲ ಬಾಯಿ ಬಿಡುವುದಿಲ್ಲ.

ಎಲ್ಲರೂ ವಸುಧಾಳಂತೆ ಮೆತ್ತಗಾಗುವುದಿಲ್ಲ ಎಂಬುದೂ ನಿಜ. "ನಿನಗೇಕೆ ನಮ್ಮ ಸಂಸಾರದ ವಿಷಯ?" ಎಂದು ಸಿಡಿದರೆ, "ನೊಂದುಕೊಂಡಿದ್ದರೆ ಕ್ಷಮಿಸು, ಇನ್ನು ಆ ಮಾತು ಎತ್ತುವುದಿಲ್ಲ, ನಿನಗೆ ಬೇಕೆನಿಸಿದರೆ ನೀನೇ ಎತ್ತು" ಎಂದು ಹೇಳಿ ಬೇರೆ ಮಾತಿಗೆ ಹೋಗುವುದೇ ಸರಿ. ಸಿಟ್ಟನ್ನು ನಾನು ಸೋಲು ಎಂದು ಎಣಿಸುವುದಿಲ್ಲ. ಆಡಿದ ವಾಕ್ಯ ಅವಳ ಬಳಿ ಉಳಿದಿರುತ್ತದೆ. ಇನ್ನು ಕೆಲವರು ಅದೇ ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿಬಿಡುತ್ತಾರೆ; ಗುಟ್ಟು ಮಾಡುವುದೇ ಅಪರಾಧವಾಗಿರುವ ಮನೆಯಲ್ಲಿ ಇದು ಸಹಜ. ಗಂಡನ ಹೆಸರಿಲ್ಲದ ವಾಕ್ಯವನ್ನು ಆರಿಸಿಕೊಂಡದ್ದರ ಇನ್ನೊಂದು ಉಪಯೋಗ ಇಲ್ಲಿದೆ. "ಕೈ ನಡುಗುತ್ತಿತ್ತು, ಮಾಲತಿ ಹೇಗಿದ್ದೀಯ ಅಂತ ಕೇಳಿದಳು" ಎಂಬುದು ಅವನ ಕಿವಿಗೆ ಬಿದ್ದರೂ ಹೆಚ್ಚು ಹಾನಿಯಿಲ್ಲ. "ನಿನ್ನ ಗಂಡ ರಾಕ್ಷಸ ಅಂತ ಮಾಲತಿ ಹೇಳಿದಳು" ಎಂಬುದು ಬಿದ್ದರೆ ಆ ಗೆಳೆತನ ಅಂದಿಗೇ ಮುಗಿಯಿತು, ಅವಳಿಗಿದ್ದ ಒಂದು ಕಿಟಕಿಯೂ ಮುಚ್ಚಿತು. ನಾಳೆ ಅವರಿಬ್ಬರೂ ರಾಜಿಯಾದರೂ ನಿಮ್ಮ ಮುಖ ನೋಡಲು ಅವಳಿಗೆ ನಾಚಿಕೆಯಾಗದಂಥ ಮಾತನ್ನೇ ಆಡಬೇಕು.

ಅವನ ಬಳಿಯೇ ಹೋಗಿ ಬುದ್ಧಿ ಹೇಳುವುದನ್ನು ಅನೇಕರು ಧೈರ್ಯ ಎಂದುಕೊಳ್ಳುತ್ತಾರೆ. ಅದರ ಬೆಲೆ ತೆರುವವಳು ನೀವಲ್ಲ, ಅವಳು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತನಾಡಿಸುವುದರಲ್ಲೂ, ದಂಪತಿ ಸಮಾಲೋಚನೆಗೆ ಕಳಿಸುವುದರಲ್ಲೂ ಇದೇ ಅಪಾಯ ಅಡಗಿದೆ: ಅವನ ಮುಂದೆ ಅವಳು ಆಡಿದ ಪ್ರತಿಯೊಂದು ಮಾತಿನ ಲೆಕ್ಕ ಮನೆಗೆ ಹೋದ ಮೇಲೆ ಆಗುತ್ತದೆ.

ನಾನು ಇದುವರೆಗೆ ಹೇಳಿದ ನಿಧಾನ ಒಂದು ಕಡೆ ಹೊಂದುವುದಿಲ್ಲ. ಅವನು ಕುತ್ತಿಗೆ ಹಿಸುಕಿದ್ದಾನೆ ಎಂದು ಅವಳು ಹೇಳಿದರೆ, ಅದು ಒಂದೇ ಸಲ ಆದದ್ದಾದರೂ, ಗುರುತು ಉಳಿಯದಿದ್ದರೂ, ಅದನ್ನು ಜಗಳದ ಇನ್ನೊಂದು ಹೊಡೆತ ಎಂದು ತಿಳಿಯಬಾರದು. ಕೌಟುಂಬಿಕ ಹಿಂಸೆ ಕೊಲೆಯಲ್ಲಿ ಮುಗಿದ ಪ್ರಕರಣಗಳ ಅಧ್ಯಯನಗಳಲ್ಲಿ ಹಿಂದೆ ಕತ್ತು ಹಿಸುಕಿದ್ದು ಮತ್ತೆ ಮತ್ತೆ ಕಾಣಿಸಿಕೊಳ್ಳುವ ಸೂಚನೆ. ಒಳಗಿನ ಗಾಯ ಹೊರಗೆ ಕಾಣದೆಯೂ ಇರಬಹುದಾದ್ದರಿಂದ ವೈದ್ಯರಿಗೆ ತೋರಿಸಲೇಬೇಕು. ಕೊಲ್ಲುತ್ತೇನೆ ಎಂಬ ಬೆದರಿಕೆ, ಮನೆಯಲ್ಲಿ ಆಯುಧ, ಹೋದಲ್ಲೆಲ್ಲ ಹಿಂಬಾಲಿಸುವುದು ಇವೂ ಅದೇ ಸಾಲಿಗೆ ಸೇರುತ್ತವೆ. ಆಗ ಸುತ್ತುಬಳಸದೆ, "ನಿನ್ನ ಜೀವದ ಬಗ್ಗೆ ನನಗೆ ಭಯವಾಗುತ್ತಿದೆ" ಎಂದೇ ಹೇಳಿ, ಕೌಟುಂಬಿಕ ಹಿಂಸೆಯ ಸಹಾಯವಾಣಿಯವರೊಂದಿಗೆ ನಿಮ್ಮ ಫೋನಿನಿಂದ ಮಾತನಾಡಲು ಅವಕಾಶ ಮಾಡಿಕೊಡಿ. ಹಿಂಸೆ ಆ ಕ್ಷಣದಲ್ಲೇ ನಡೆಯುತ್ತಿದ್ದರೆ ಪೊಲೀಸರನ್ನು ಕರೆಯುವುದಕ್ಕೆ ಅವಳ ಒಪ್ಪಿಗೆಗಾಗಿ ಕಾಯಬೇಡಿ. ಆದರೆ ಇಲ್ಲೂ "ಈಗಲೇ ಬಿಟ್ಟು ಬಾ" ಎಂದು ಅವಸರಪಡಿಸುವುದರಲ್ಲಿ ಗಂಡಾಂತರವಿದೆ. ಬಿಟ್ಟು ಹೋಗುವ ಹೊತ್ತು ಮತ್ತು ಅದರ ನಂತರದ ಕೆಲವು ತಿಂಗಳು ಅಪಾಯ ಏರುವ ಕಾಲ, ಏಕೆಂದರೆ ಹಿಡಿತ ಕೈತಪ್ಪುತ್ತಿದೆ ಎಂಬುದು ಅವನಿಗೆ ಗೊತ್ತಾಗುವುದು ಆಗಲೇ. ಯಾವಾಗ, ಎಲ್ಲಿಗೆ, ಯಾವ ಕಾಗದಪತ್ರಗಳೊಂದಿಗೆ ಹೊರಡಬೇಕು ಎಂಬುದನ್ನು ಈ ಕೆಲಸ ಬಲ್ಲವರ ಜೊತೆ ಅವಳೇ ಗುಟ್ಟಾಗಿ ಯೋಚಿಸಿಡಬೇಕು.

ಅಂಥ ತುರ್ತಿಲ್ಲದ ಕಡೆ, ಮೊದಲ ಮಾತಾದ ಮೇಲೆ ಉಳಿಯುವುದು ಸಪ್ಪೆ ಕೆಲಸ. ಮಾಲತಿ ಮುಂದಿನ ವಾರಗಳಲ್ಲಿ ಆ ವಿಷಯ ಎತ್ತಲಿಲ್ಲ. ಎಂದಿನಂತೆ ಊಟಕ್ಕೆ ಕರೆದಳು. ವಸುಧಾ ಬರಲಾಗದು ಎಂದಾಗ ಮುನಿಯದೆ ಮರುವಾರ ಮತ್ತೆ ಕರೆದಳು. ಕಳಿಸುವ ಸಂದೇಶಗಳು ಯಾರು ಓದಿದರೂ ಅಡ್ಡಿಯಿಲ್ಲದಂಥವು: ಕಚೇರಿಯ ಸುದ್ದಿ, ಒಂದು ನಗೆಹನಿ. ವಸುಧಾಳ ಗಂಡ ಎದುರಾದಾಗ ಸೌಜನ್ಯದಿಂದಲೇ ಮಾತನಾಡಿದಳು. ಈ ಸೌಜನ್ಯ ಕಪಟವಲ್ಲವೇ ಎಂದು ಒಮ್ಮೆ ಒಬ್ಬರು ನನ್ನನ್ನು ಕೇಳಿದ್ದರು. ಇರಬಹುದು. ಅದಿಲ್ಲದಿದ್ದರೆ ಭೇಟಿಯೇ ನಿಲ್ಲುತ್ತದೆ ಎಂದಾದರೆ ನಾನು ಆ ಕಪಟವನ್ನು ಒಪ್ಪಿಕೊಳ್ಳುತ್ತೇನೆ. ಮಾಲತಿಗೂ ಇದು ಹಗುರವಲ್ಲ, ಅವಳಿಗೂ ಹೇಳಿಕೊಳ್ಳಲು ಒಬ್ಬರು ಬೇಕು; ಅದು ಅವರಿಬ್ಬರನ್ನೂ ಬಲ್ಲವರಾಗಿರಬಾರದು, ಸಹಾಯವಾಣಿಗೆ ಅವಳೇ ಕರೆ ಮಾಡಿ ಗೆಳತಿಯ ಹೆಸರು ಹೇಳದೆ ಸಲಹೆ ಕೇಳಬಹುದು.

ಮೂರು ತಿಂಗಳಾದ ಮೇಲೆ, ಅದೇ ದಾರಿಯಲ್ಲಿ ನಡೆಯುತ್ತಿದ್ದಾಗ ವಸುಧಾ ತಾನಾಗಿ ಒಂದು ಮಾತು ತೆಗೆದಳು: "ಸಂಬಳ ಬೇರೆ ಅಕೌಂಟಿಗೆ ಹಾಕಿಸ್ಕೋಬೇಕು ಅಂದ್ರೆ ಯಾರಿಗೆ ಅರ್ಜಿ ಕೊಡಬೇಕು?" ಹಿಂದುಮುಂದಿಲ್ಲದ ಪ್ರಶ್ನೆ. ಕಾರಣವನ್ನು ಅವಳು ಹೇಳಲಿಲ್ಲ, ಮಾಲತಿ ಕೇಳಲೂ ಇಲ್ಲ. ಅರ್ಜಿಯನ್ನು ಯಾರಿಗೆ ಕೊಡಬೇಕು ಎಂಬುದನ್ನು ಹೇಳಿದಳು. ಹೊಸ ಖಾತೆಯ ಸಂದೇಶಗಳು ಯಾವ ಫೋನಿಗೆ, ಪತ್ರಗಳು ಯಾವ ವಿಳಾಸಕ್ಕೆ ಬರುತ್ತವೆ ಎಂಬುದನ್ನು ಮೊದಲೇ ಯೋಚಿಸಿಕೋ, ಸಂಬಳ ಹಳೆಯ ಖಾತೆಗೆ ಬಾರದಿದ್ದರೆ ಅದೇ ತಿಂಗಳು ಮನೆಯಲ್ಲಿ ಗೊತ್ತಾಗುತ್ತದೆ ಎಂಬುದನ್ನೂ ನೆನಪಿಸಿದಳು. ವಸುಧಾ "ಹೌದಲ್ಲ" ಎಂದು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಇನ್ನೂ ಸ್ವಲ್ಪ ದಿನ ಬೇಡ" ಎಂದಳು. "ಸರಿ," ಎಂದಳು ಮಾಲತಿ.